ಏಡ್ ಸ್ಟೇಷನ್ ಕಟ್ ಆಫ್ ದಾಟೋಕೆ ಕನಿಷ್ಠ ಎಷ್ಟು ವೇಗ ಬೇಕು? ದೇವರಾಯನದುರ್ಗದ ದಾರಿಯಲ್ಲಿ ಒಂದು ಪೂರ್ತಿ ಲೆಕ್ಕ

"50 ಕಿಲೋಮೀಟರ್‌ಗೆ 10 ಗಂಟೆ ಕೊಟ್ಟಿದ್ದಾರೆ. ಗಂಟೆಗೆ ಐದು ಕಿಲೋಮೀಟರ್ ಅಲ್ವಾ ಸಾರ್, ಜೋರಾಗಿ ನಡೆದ್ರೂ ಆಗುತ್ತೆ." ಮೊದಲ ಸಲ ಅಲ್ಟ್ರಾ ರೇಸ್‌ಗೆ, ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ, ಹೆಸರು ಕೊಟ್ಟವರು ಹೆಚ್ಚಿನವರು ಹೀಗೇ ಲೆಕ್ಕ ಹಾಕುತ್ತಾರೆ. ಭಾಗಾಕಾರ ಸರಿಯಾಗೇ ಇದೆ. ಆದರೆ ಈ 5 ಅನ್ನುವ ಸಂಖ್ಯೆಯಲ್ಲಿ ಏರು ಇಲ್ಲ, ನೀರು ತುಂಬಿಸೋಕೆ ನಿಂತ ಹೊತ್ತು ಇಲ್ಲ, ಮಧ್ಯಾಹ್ನದ ಬಿಸಿಲಿಗೆ ಕುಗ್ಗುವ ಕಾಲೂ ಇಲ್ಲ. ದಾರಿ ನಡುವೆ ನೀರು, ತಿಂಡಿ ಸಿಗುವ ಏಡ್ ಸ್ಟೇಷನ್‌ಗಳನ್ನು ಇಷ್ಟು ಹೊತ್ತಿಗೆ ದಾಟದಿದ್ದರೆ ರೇಸ್‌ನಿಂದ ಹೊರಗೆ ಅನ್ನುವ ಕಟ್ ಆಫ್ ಅಂತೂ ಇಲ್ಲವೇ ಇಲ್ಲ. ಇವನ್ನೆಲ್ಲ ಒಂದೊಂದಾಗಿ ಸೇರಿಸುತ್ತಾ ಹೋದರೆ ನಿಜವಾಗಿ ಬೇಕಾದ ವೇಗ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ.

ಲೆಕ್ಕಕ್ಕಾಗಿ ನಾನೇ ಒಂದು ರೇಸ್ ಕಟ್ಟಿಕೊಂಡಿದ್ದೇನೆ. ಜಾಗ ತುಮಕೂರಿನ ಪಕ್ಕದ ದೇವರಾಯನದುರ್ಗದ ಸುತ್ತಮುತ್ತ. ನಾಮದ ಚಿಲುಮೆ ಕಡೆಯಿಂದ ಹೊರಟು, ಮಣ್ಣಿನ ದಾರಿಯಲ್ಲಿ ಸುತ್ತಿ, ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ದುರ್ಗ ಹತ್ತಿ ಇಳಿದು, ಹಳ್ಳಿಗಳ ಮೇಲೆ ವಾಪಸ್ ಬರೋದು ಅಂದುಕೊಳ್ಳಿ. ಕೆಳಗಿನ ದೂರ, ಏರು, ಕಟ್ ಆಫ್ ಎಲ್ಲ ಊಹೆಯವು. ಇಂಥ ರೇಸ್ ಇದೆ ಅಂತ ಹುಡುಕಬೇಡಿ. ನಿಮ್ಮ ರೇಸ್‌ನ ಅಂಕಿ ಹಾಕಿಕೊಂಡರೆ ವಿಧಾನ ಹಾಗೇ ನಡೆಯುತ್ತದೆ.

ಓಟ ಶುರು ಬೆಳಿಗ್ಗೆ 6:00ಕ್ಕೆ.

| ಜಾಗ | ಒಟ್ಟು ದೂರ | ಹಿಂದಿನ ಜಾಗದಿಂದ ದೂರ | ಈ ತುಂಡಿನ ಏರು | ಕಟ್ ಆಫ್ |
|---|---|---|---|---|
| ಒಂದನೇ ಸ್ಟೇಷನ್ | 12 ಕಿ.ಮೀ. | 12 ಕಿ.ಮೀ. | 250 ಮೀ. | 8:15 |
| ಎರಡನೇ ಸ್ಟೇಷನ್ | 24 ಕಿ.ಮೀ. | 12 ಕಿ.ಮೀ. | 600 ಮೀ. | 10:45 |
| ಮೂರನೇ ಸ್ಟೇಷನ್ | 37 ಕಿ.ಮೀ. | 13 ಕಿ.ಮೀ. | 250 ಮೀ. | 1:30 |
| ಫಿನಿಶ್ | 50 ಕಿ.ಮೀ. | 13 ಕಿ.ಮೀ. | 400 ಮೀ. | 4:00 |

ಮೊದಲು ನಿಯಮ ಓದಿ, ಆಮೇಲೆ ಕ್ಯಾಲ್ಕುಲೇಟರ್ ತೆಗೆಯಿರಿ

ಎರಡು ವಿಷಯ ಖಚಿತ ಆಗದೆ ಲೆಕ್ಕಕ್ಕೆ ಕೂರಬೇಡಿ. ಒಂದು, ಕಟ್ ಆಫ್ ಅಂದರೆ ಅಷ್ಟು ಹೊತ್ತಿಗೆ ಸ್ಟೇಷನ್ *ತಲುಪಬೇಕೋ* ಅಥವಾ ಅಲ್ಲಿಂದ *ಹೊರಟಿರಬೇಕೋ*? ಎರಡೂ ರೀತಿಯ ರೇಸ್ ಇವೆ. ಹೊರಟಿರಬೇಕು ಅನ್ನೋ ನಿಯಮ ಇದ್ದರೆ, 10:43ಕ್ಕೆ ಬಂದು ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡು ನಿಂತವರು ರೇಸ್‌ನಿಂದ ಹೊರಗೆ. ಇನ್ನೊಂದು, ಗಡಿಯಾರ ಯಾವಾಗ ಶುರು ಆಗುತ್ತೆ? ಗುಂಪು ಗುಂಪಾಗಿ ಬಿಡುವ ರೇಸ್‌ನಲ್ಲಿ ನೀವು ಎರಡನೇ ಗುಂಪಿನಲ್ಲಿ 6:10ಕ್ಕೆ ಹೊರಟರೂ, ಕಟ್ ಆಫ್ ಬಹಳ ಸಲ ಮೊದಲ ಗುಂಪಿನ ಗಡಿಯಾರಕ್ಕೇ ಇರುತ್ತದೆ. ಆಗ ಪ್ರತಿ ಸ್ಟೇಷನ್‌ನಲ್ಲೂ ನಿಮ್ಮ ಪಾಲಿನ 10 ನಿಮಿಷ ಕಳೆಯಬೇಕು.

ನಮ್ಮ ರೇಸ್‌ನಲ್ಲಿ ತಲುಪಿದರೆ ಸಾಕು, ಎಲ್ಲರೂ ಒಟ್ಟಿಗೆ ಹೊರಡುತ್ತಾರೆ ಅಂತ ಇಟ್ಟುಕೊಳ್ಳೋಣ. ಕಟ್ ಆಫ್‌ಗಳನ್ನು ಶುರುವಿನಿಂದ ಎಷ್ಟು ನಿಮಿಷ ಅಂತ ಬದಲಾಯಿಸಿ: 135, 285, 450, 600. ಇನ್ನು ಮುಂದೆ ಎಲ್ಲ ಲೆಕ್ಕವೂ ನಿಮಿಷದಲ್ಲೇ.

ಗಂಟೆಗೆ ಎಷ್ಟು ಕಿ.ಮೀ. ಅಲ್ಲ, ಕಿ.ಮೀ.ಗೆ ಎಷ್ಟು ನಿಮಿಷ

ವೇಗಗಳ ಸರಾಸರಿ ತೆಗೆಯುವುದರಲ್ಲಿ ಒಂದು ಮೋಸ ಇದೆ. 10 ಕಿ.ಮೀ. ದಾರಿಯನ್ನು ಗಂಟೆಗೆ 8ರಂತೆ ಓಡಿ, ಮುಂದಿನ 10 ಕಿ.ಮೀ. ಗಂಟೆಗೆ 4ರಂತೆ ನಡೆದರೆ ಸರಾಸರಿ 6 ಅನ್ನಿಸುತ್ತದೆ. ಆದರೆ ಮೊದಲ ಭಾಗಕ್ಕೆ 75 ನಿಮಿಷ, ಎರಡನೆಯದಕ್ಕೆ 150 ನಿಮಿಷ, ಒಟ್ಟು 225 ನಿಮಿಷಕ್ಕೆ 20 ಕಿ.ಮೀ. ಅಂದರೆ ಗಂಟೆಗೆ 5.33 ಮಾತ್ರ. ನಿಧಾನವಾಗಿ ಹೋದ ದಾರಿ ಜಾಸ್ತಿ ಹೊತ್ತು ತಿನ್ನುತ್ತದೆ, ಅದಕ್ಕೆ. ನಿಮಿಷಗಳನ್ನು ಸುಮ್ನೆ ಕೂಡಿಸಬಹುದು, ವೇಗಗಳನ್ನು ಕೂಡಿಸಿ ಭಾಗಿಸೋಕೆ ಬರುವುದಿಲ್ಲ. ಹಾಗಾಗಿ ಪೂರ್ತಿ ಲೆಕ್ಕ ಪೇಸ್‌ನಲ್ಲಿ, ಅಂದರೆ ಒಂದು ಕಿ.ಮೀ.ಗೆ ಎಷ್ಟು ನಿಮಿಷ ಅನ್ನುವುದರಲ್ಲಿ ಮಾಡಿ. ವೇಗ ಬೇಕು ಅನ್ನಿಸಿದರೆ ಕೊನೆಯಲ್ಲಿ 60ನ್ನು ಪೇಸ್‌ನಿಂದ ಭಾಗಿಸಿದರೆ ಸಿಗುತ್ತದೆ.

ಇನ್ನೊಂದು ಸಣ್ಣ ಎಚ್ಚರಿಕೆ. ಕ್ಯಾಲ್ಕುಲೇಟರ್ 8.62 ಅಂತ ತೋರಿಸಿದರೆ ಅದು 8 ನಿಮಿಷ 62 ಸೆಕೆಂಡ್ ಅಲ್ಲ. 0.62ನ್ನು 60ರಿಂದ ಗುಣಿಸಿ, 8 ನಿಮಿಷ 37 ಸೆಕೆಂಡ್ ಅಂತ ಓದಬೇಕು. ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವಾಗ ಈ ತಪ್ಪು ತುಂಬಾ ಆಗುತ್ತದೆ.

ನಿಂತ ಹೊತ್ತನ್ನು ಕಳೆಯಿರಿ

ಒಂದನೇ ಸ್ಟೇಷನ್‌ನಲ್ಲಿ 5 ನಿಮಿಷ, ಎರಡನೆಯದರಲ್ಲಿ 8, ಮೂರನೆಯದರಲ್ಲಿ 7 ಅಂತ ಇಟ್ಟುಕೊಳ್ಳೋಣ. ಇದು ಧಾರಾಳ ಅಲ್ಲ. ಎರಡು ಬಾಟಲಿ ತುಂಬಿಸಿ, ಓಆರ್‌ಎಸ್ ಪುಡಿ ಕಲಕಿ, ಬಾಳೆಹಣ್ಣು ತಿಂದು, ಶೂನಿಂದ ಮರಳು ಕೊಡವುವಷ್ಟರಲ್ಲಿ 5 ನಿಮಿಷ ಆಗಿರುತ್ತದೆ. ಕುರ್ಚಿ ಮೇಲೆ ಕೂತರೆ ಆ ಲೆಕ್ಕವನ್ನು ಮರೆತುಬಿಡಿ.

ಪ್ರತಿ ಸ್ಟೇಷನ್‌ಗೂ ಅದರ ಕಟ್ ಆಫ್‌ನಿಂದ *ಅದಕ್ಕಿಂತ ಮೊದಲು* ನಿಂತ ಹೊತ್ತನ್ನಷ್ಟೇ ಕಳೆಯಬೇಕು. ಓಡೋಕೆ ಉಳಿಯುವ ನಿಮಿಷ ಹೀಗೆ: 135, 280, 437, 580. ಇವನ್ನು ಒಟ್ಟು ದೂರದಿಂದ ಭಾಗಿಸಿದರೆ ಪೇಸ್ ಕ್ರಮವಾಗಿ 11.25, 11.67, 11.81, 11.6. ಇದನ್ನು ನೋಡಿದರೆ ಒಂದನೇ ಸ್ಟೇಷನ್ನೇ ಎಲ್ಲಕ್ಕಿಂತ ಬಿಗಿ, ಆಮೇಲೆಲ್ಲ ಸ್ವಲ್ಪ ಸಡಿಲ ಅನ್ನಿಸುತ್ತದೆ. ಈ ತೀರ್ಮಾನ ಪೂರ್ತಿ ತಲೆಕೆಳಗು. ಯಾಕೆಂದರೆ ದುರ್ಗ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಏರನ್ನು ದೂರವಾಗಿ ಬದಲಾಯಿಸೋದು

ಕಾಡು, ಬೆಟ್ಟದ ದಾರಿಯಲ್ಲಿ ಓಡುವ ಟ್ರೇಲ್ ಓಟದ ಅಂತರರಾಷ್ಟ್ರೀಯ ಸಂಘವಾದ ಐಟಿಆರ್‌ಎ ರೇಸ್‌ಗಳ ಕಷ್ಟ ಅಳೆಯೋಕೆ ಒಂದು ಸರಳ ಸೂತ್ರ ಬಳಸುತ್ತದೆ. 100 ಮೀಟರ್ ಏರು ಅಂದರೆ ಸಮತಟ್ಟು ನೆಲದ 1 ಕಿ.ಮೀ.ಗೆ ಸಮ. ದೂರಕ್ಕೆ ಇದನ್ನು ಸೇರಿಸಿದರೆ ಬರುವುದು ಎಫರ್ಟ್ ಕಿ.ಮೀ. ಶೀಟ್‌ನಲ್ಲಿ ಮಾಡುವವರಿಗೆ, B ಕಾಲಂನಲ್ಲಿ ತುಂಡಿನ ದೂರ, C ಕಾಲಂನಲ್ಲಿ ಏರಿನ ಮೀಟರ್ ಇದ್ದರೆ:

```
=B2+C2/100
```

ನಮ್ಮ ನಾಲ್ಕು ತುಂಡುಗಳು ಈಗ 14.5, 18, 15.5, 17 ಎಫರ್ಟ್ ಕಿ.ಮೀ. ಆದವು. 50 ಕಿ.ಮೀ. ರೇಸ್ 65 ಆಯಿತು. ಸ್ಟೇಷನ್‌ವರೆಗಿನ ಒಟ್ಟು ಲೆಕ್ಕ 14.5, 32.5, 48, 65. ಓಡೋಕೆ ಸಿಗುವ ನಿಮಿಷಗಳನ್ನು ಇದರಿಂದ ಭಾಗಿಸಿ ನೋಡಿ.

ಒಂದನೇ ಸ್ಟೇಷನ್‌ಗೆ 9.31. ಎರಡನೆಯದಕ್ಕೆ 8.62. ಮೂರನೆಯದಕ್ಕೆ 9.10. ಫಿನಿಶ್‌ಗೆ 8.92.

ಎಲ್ಲಕ್ಕಿಂತ ಬಿಗಿ ಅನ್ನಿಸಿದ್ದ ಒಂದನೇ ಸ್ಟೇಷನ್ ಈಗ ಎಲ್ಲಕ್ಕಿಂತ ಸಡಿಲ. ನಿಜವಾದ ಗಂಟು ಇರೋದು ಎರಡನೆಯದರಲ್ಲಿ, ದುರ್ಗ ಹತ್ತಿ ಇಳಿದ ಮೇಲೆ. ಒಂದೇ ಶ್ರಮದಲ್ಲಿ ಓಡುವವರಿಗೆ ಬೇಕಾದ ಪೇಸ್ ಅಂದರೆ ಇವುಗಳಲ್ಲಿ ಅತಿ ಚಿಕ್ಕ ಸಂಖ್ಯೆ: ಎಫರ್ಟ್ ಕಿ.ಮೀ.ಗೆ 8 ನಿಮಿಷ 37 ಸೆಕೆಂಡ್. 60ನ್ನು 8.62ರಿಂದ ಭಾಗಿಸಿದರೆ ಗಂಟೆಗೆ ಹತ್ತಿರ ಹತ್ತಿರ 7 ಕಿ.ಮೀ. ಸಮತಟ್ಟು ದಾರಿಯಲ್ಲಿ ಗಂಟೆಗೆ 5 ಅಲ್ಲ, 7 ಹೋಗಬಲ್ಲ ಶ್ರಮ ಬೇಕು. ನಡೆದುಕೊಂಡು ಮುಗಿಸುವ ಮಾತು ಇಲ್ಲಿಗೆ ಮುಗಿಯಿತು.

ಕಟ್ ಆಫ್ ನಿಯಮ ಹೊರಡುವ ಹೊತ್ತಿಗೆ ಅಂತಿದ್ದರೆ? ಎರಡನೇ ಸ್ಟೇಷನ್‌ನ 8 ನಿಮಿಷವನ್ನೂ ಕಳೆಯಬೇಕು. ಆಗ ಉಳಿಯೋದು 272, ಪೇಸ್ 8 ನಿಮಿಷ 22 ಸೆಕೆಂಡ್. ನಿಯಮದ ಒಂದು ಪದಕ್ಕೆ ಪ್ರತಿ ಕಿ.ಮೀ.ಗೆ 15 ಸೆಕೆಂಡ್ ಬೆಲೆ.

ಆ 100 ಮೀಟರ್ ಲೆಕ್ಕ ನಿಮ್ಮ ಕಾಲಿಗೆ ಹೊಂದುತ್ತದೆಯೇ?

100ಕ್ಕೆ 1 ಅನ್ನೋದು ಸರಾಸರಿ ಸೂತ್ರ. ಏರು ಚೆನ್ನಾಗಿ ನಡೆಯುವವರಿಗೆ ಅದು ಕಡಿಮೆ ಇರಬಹುದು, ರಸ್ತೆ ಓಟದಿಂದ ಬಂದವರಿಗೆ ಜಾಸ್ತಿ ಇರಬಹುದು. ಒಂದು ಭಾನುವಾರ ಬೆಳಿಗ್ಗೆ ಇದನ್ನು ಅಳೆದುಬಿಡಬಹುದು. ತುಮಕೂರಿನವರಿಗೆ ದುರ್ಗದ ರಸ್ತೆ, ಚಿಕ್ಕಬಳ್ಳಾಪುರದವರಿಗೆ ನಂದಿ ಬೆಟ್ಟದ ರಸ್ತೆ ಇದಕ್ಕೆ ಚೆನ್ನಾಗಿದೆ. ಕೋಲಾರದವರಿಗೆ ಅಂತರಗಂಗೆ ಹತ್ತಿರ ಇದೆ, ಆದರೆ ಮೆಟ್ಟಿಲು ಹತ್ತೋದಕ್ಕೂ ದಾರಿ ಹತ್ತೋದಕ್ಕೂ ಲಯ ಬೇರೆ. ನಿಮ್ಮ ರೇಸ್‌ನಲ್ಲಿ ಮೆಟ್ಟಿಲು ಇದ್ದರೆ ಮಾತ್ರ ಅಲ್ಲಿ ಅಳೆಯಿರಿ.

ಮೊದಲು ಸಮತಟ್ಟು ದಾರಿಯಲ್ಲಿ ಇಡೀ ದಿನ ಹೋಗಬಲ್ಲಂಥ ಪೇಸ್ ಯಾವುದು ನೋಡಿಕೊಳ್ಳಿ. 8 ನಿಮಿಷ ಅಂತಿಟ್ಟುಕೊಳ್ಳಿ. ಅದೇ ಉಸಿರಾಟದಲ್ಲಿ 4 ಕಿ.ಮೀ., 250 ಮೀಟರ್ ಏರುವ ದಾರಿ ಹತ್ತಿ. 54 ನಿಮಿಷ ಆಯಿತು ಅನ್ನಿ. ಸಮತಟ್ಟಾಗಿದ್ದರೆ 32 ಆಗುತ್ತಿತ್ತು. ಏರು ತಿಂದಿದ್ದು 22 ನಿಮಿಷ, ಅಂದರೆ 2.75 ಕಿ.ಮೀ.ಗೆ ಸಮ. 250 ಮೀಟರ್‌ಗೆ 2.75 ಅಂದರೆ 100 ಮೀಟರ್‌ಗೆ 1.1. ಸಣ್ಣ ವ್ಯತ್ಯಾಸ ಅನ್ನಿಸಿದರೂ, ಎರಡನೇ ಸ್ಟೇಷನ್‌ವರೆಗಿನ 850 ಮೀಟರ್ ಏರಿಗೆ ಹಾಕಿ ನೋಡಿ: 32.5 ಎಫರ್ಟ್ ಕಿ.ಮೀ. 33.35 ಆಗುತ್ತದೆ, ಬೇಕಾದ ಪೇಸ್ 8:37ರಿಂದ 8:24ಕ್ಕೆ ಇಳಿಯುತ್ತದೆ. ಇಲ್ಲಿಂದ ಮುಂದೆ ಸರಳವಾಗಿರಲಿ ಅಂತ 100ಕ್ಕೆ 1ನ್ನೇ ಬಳಸುತ್ತೇನೆ.

ಈ ಸೂತ್ರದಲ್ಲಿ ಇಳಿಜಾರಿಗೆ ಜಾಗವೇ ಇಲ್ಲ. ಇಳಿಯುವಾಗ ಸಮತಟ್ಟು ದಾರಿಯ ಪೇಸ್ ಹೋಗುತ್ತೀರಿ ಅಂತ ಅದು ನಂಬುತ್ತದೆ. ಡಾಂಬರು ರಸ್ತೆಯಲ್ಲಿ ಇದು ಸರಿ, ಸ್ವಲ್ಪ ಲಾಭವೂ ಆಗುತ್ತದೆ. ಆದರೆ ನಮ್ಮ ಕಡೆಯ ಬೆಟ್ಟಗಳಲ್ಲಿ ಬಂಡೆ ಮೇಲೆ ಉದುರಿದ ಪುಡಿಗಲ್ಲು ಇರುತ್ತದೆ. ಅಂಥ ಕಡೆ ಇಳಿಯೋಕೆ ಹತ್ತಿದಷ್ಟೇ ಹೊತ್ತು ಹಿಡಿಯೋದೂ ಉಂಟು. ಕಾಲುದಾರಿಯಲ್ಲಿ ಇಳಿಜಾರು ಇದ್ದರೆ ಆ ತುಂಡಿಗೆ ಕೈಯಾರೆ ಐದೋ ಹತ್ತೋ ನಿಮಿಷ ಸೇರಿಸುವುದೇ ವಾಸಿ.

ಮಧ್ಯಾಹ್ನದ ನಂತರದ ಕಾಲು

ಇಲ್ಲಿವರೆಗೆ 6 ಗಂಟೆಯ ಕಾಲೂ ಮಧ್ಯಾಹ್ನ 2 ಗಂಟೆಯ ಕಾಲೂ ಒಂದೇ ಅಂದುಕೊಂಡೆವು. ಅದು ಯಾರಿಗೂ ನಿಜ ಅಲ್ಲ. ನಮ್ಮ ರೇಸ್‌ನಲ್ಲಿ ಕೊನೆಯ ಎರಡು ತುಂಡು ಬೀಳೋದು ಹತ್ತೂವರೆಯಿಂದ ನಾಲ್ಕರ ಬಿಸಿಲಿಗೆ, ಅದೂ ನೆರಳಿಲ್ಲದ ಹಳ್ಳಿ ದಾರಿಯಲ್ಲಿ. ನಾನು ಮೂರನೇ ತುಂಡಿಗೆ ನೂರಕ್ಕೆ 10, ನಾಲ್ಕನೆಯದಕ್ಕೆ ನೂರಕ್ಕೆ 15 ನಿಧಾನ ಅಂತ ಹಾಕುತ್ತೇನೆ. ಇದು ನನ್ನ ಅಂದಾಜು. ನಿಮ್ಮದು ಬೇಕಾದರೆ ಹಳೆಯ ಒಂದು ಉದ್ದ ಓಟದ ದಾಖಲೆ ತೆಗೆದು, ಮೊದಲ ಮೂರನೇ ಒಂದು ಭಾಗದ ಎಫರ್ಟ್ ಪೇಸ್ ಮತ್ತು ಕೊನೆಯ ಮೂರನೇ ಒಂದು ಭಾಗದ್ದನ್ನು ಹೋಲಿಸಿ. ಬೆಳಿಗ್ಗೆ 9ಕ್ಕೆ ಮುಗಿದ ಓಟ ಇದಕ್ಕೆ ಸಾಕ್ಷಿ ಆಗುವುದಿಲ್ಲ, ಬಿಸಿಲು ತಿಂದಿರಬೇಕು.

ನಿಧಾನ ಆಗುವುದನ್ನು ಲೆಕ್ಕಕ್ಕೆ ತರೋಕೆ ಸುಲಭ ದಾರಿ, ಕೊನೆಯ ತುಂಡುಗಳನ್ನು ಉದ್ದ ಮಾಡೋದು. ಮೂರನೆಯದು 15.5ರ ಬದಲು 17.05, ನಾಲ್ಕನೆಯದು 17ರ ಬದಲು 19.55. ಒಟ್ಟು 65 ಇದ್ದಿದ್ದು 69.1 ಆಯಿತು. ಈಗ ಮೂರನೇ ಸ್ಟೇಷನ್‌ಗೆ 437ನ್ನು 49.55ರಿಂದ ಭಾಗಿಸಿದರೆ 8.82. ಫಿನಿಶ್‌ಗೆ 580ನ್ನು 69.1ರಿಂದ ಭಾಗಿಸಿದರೆ 8.39. ಎರಡನೇ ಸ್ಟೇಷನ್ನಿನದು 8.62 ಹಾಗೇ ಇದೆ.

ಬಿಗಿ ಜಾಗ ಮತ್ತೆ ಬದಲಾಯಿತು ನೋಡಿ. ಈಗ ಎಲ್ಲಕ್ಕಿಂತ ಬಿಗಿ ಫಿನಿಶ್‌ನದೇ. ಬೇಕಾದ ಆರಂಭದ ಪೇಸ್ 8 ನಿಮಿಷ 24 ಸೆಕೆಂಡ್, ಗಂಟೆಗೆ 7.15 ಕಿ.ಮೀ. ಇದೇ ಈ ರೇಸ್‌ನ ಕನಿಷ್ಠ ವೇಗ. ಒಂದು ಸೆಕೆಂಡ್ ಕೂಡ ಮಿಗದ ಕನಿಷ್ಠ.

ಮೂರು ಕಟ್ ಆಫ್ ದಾಟಿಯೂ ಸೋಲೋದು ಹೇಗೆ

8:30ರ ಪೇಸ್‌ನ ಓಟಗಾರರೊಬ್ಬರನ್ನು ತೆಗೆದುಕೊಳ್ಳೋಣ. ಕನಿಷ್ಠಕ್ಕಿಂತ ಬರೀ 6 ಸೆಕೆಂಡ್ ನಿಧಾನ. ಒಂದನೇ ಸ್ಟೇಷನ್‌ಗೆ 123ನೇ ನಿಮಿಷಕ್ಕೆ, ಅಂದರೆ 8:03ಕ್ಕೆ ಬಂದರು. ಕಟ್ ಆಫ್‌ಗೆ 12 ನಿಮಿಷ ಇದೆ, ಖುಷಿ. ಎರಡನೆಯದಕ್ಕೆ 10:41, 4 ನಿಮಿಷ ಇರುವಾಗ. ಬಚಾವ್. ಮೂರನೆಯದಕ್ಕೆ 1:14, ಕಟ್ ಆಫ್‌ಗೆ 16 ನಿಮಿಷ ಬಾಕಿ! ಸುಧಾರಿಸಿದೆ ಅಂದುಕೊಂಡು 7 ನಿಮಿಷ ನಿಂತು ಹೊರಟರು. ಕೊನೆ ತುಂಡಿಗೆ ಅವರಿಗೆ ಹಿಡಿಯೋದು 166 ನಿಮಿಷ. ಫಿನಿಶ್ ತಲುಪಿದಾಗ 4:07.

ಮೂರನೇ ಸ್ಟೇಷನ್‌ನ ಕಟ್ ಆಫ್ ಅವರಿಗೆ ಸುಳ್ಳು ಧೈರ್ಯ ಕೊಟ್ಟಿತು. ಸ್ಟೇಷನ್ ಮುಚ್ಚುವ ಹೊತ್ತು ಅಂದರೆ ಅಲ್ಲಿಂದ ಫಿನಿಶ್ ಮಾಡಬಹುದು ಅನ್ನುವ ಭರವಸೆ ಅಲ್ಲ. ಎಷ್ಟೋ ಸಲ ಅದನ್ನು ನಿಗದಿ ಮಾಡೋದು ಸ್ವಯಂಸೇವಕರ ಪಾಳಿ, ಗಾಡಿ ವ್ಯವಸ್ಥೆ, ಕತ್ತಲಾಗುವ ಮೊದಲು ಕಾಡಿನ ದಾರಿ ಖಾಲಿ ಮಾಡಿಸೋದು, ಇಂಥ ಕಾರಣಕ್ಕೆ.

ಅದಕ್ಕೇ ಲೆಕ್ಕವನ್ನು ಒಮ್ಮೆ ಹಿಂದಿನಿಂದಲೂ ಮಾಡಬೇಕು. ಫಿನಿಶ್‌ನ 600ರಿಂದ ಶುರು ಮಾಡಿ. ಈ ಓಟಗಾರರಿಗೆ ಕೊನೆ ತುಂಡು 166 ನಿಮಿಷ, ಹಾಗಾಗಿ ಮೂರನೇ ಸ್ಟೇಷನ್ ಬಿಡಬೇಕಾದ್ದು 434ಕ್ಕೆ. ನಿಲ್ಲುವ 7 ನಿಮಿಷ ಕಳೆದರೆ ತಲುಪಬೇಕಾದ್ದು 427ಕ್ಕೆ, ಅಂದರೆ 1:07. ಅಧಿಕೃತ ಕಟ್ ಆಫ್ 1:30, ಅವರ ಸ್ವಂತ ಕಟ್ ಆಫ್ 1:07. ಹೀಗೇ ಒಂದೊಂದೇ ಸ್ಟೇಷನ್ ಹಿಂದಕ್ಕೆ ಬನ್ನಿ. ಪ್ರತಿ ಕಡೆ ಎರಡರಲ್ಲಿ ಯಾವುದು ಮೊದಲೋ ಅದನ್ನು ಇಟ್ಟುಕೊಳ್ಳಿ. ಮೂರನೆಯದಕ್ಕೆ 427ಕ್ಕೆ ಬರಬೇಕಾದರೆ, 145 ನಿಮಿಷದ ತುಂಡನ್ನೂ ನಿಲ್ಲುವ 8 ನಿಮಿಷವನ್ನೂ ಕಳೆದು, ಎರಡನೇ ಸ್ಟೇಷನ್‌ಗೆ 274ಕ್ಕೆ, 10:34ಕ್ಕೆ ಬರಬೇಕು. ಅವರು ಬಂದಿದ್ದು 10:41. ಆಟ ಅಲ್ಲೇ ಗೊತ್ತಾಗಿತ್ತು, ನೋಡೋಕೆ ಸರಿಯಾದ ಸಂಖ್ಯೆ ಕೈಯಲ್ಲಿ ಇರಲಿಲ್ಲ ಅಷ್ಟೆ. ಆ 7 ನಿಮಿಷವನ್ನು ಎರಡನೇ ಮತ್ತು ಮೂರನೇ ಸ್ಟೇಷನ್‌ನ ನಿಲುಗಡೆಯಲ್ಲೇ ಉಳಿಸಬಹುದಿತ್ತು.

ಮಿಗಿಸಿ ಇಟ್ಟುಕೊಳ್ಳೋದು ಎಷ್ಟು

ನಾನಾದರೆ 8:24 ಕನಿಷ್ಠ ಇರುವ ರೇಸ್‌ಗೆ 8 ನಿಮಿಷದ ಪೇಸ್ ಇಟ್ಟು ಯೋಜನೆ ಮಾಡುತ್ತೇನೆ, ಅಂದರೆ ಗಂಟೆಗೆ 7.5. ಅದರ ಪ್ರಕಾರ ಒಂದನೇ ಸ್ಟೇಷನ್ 7:56, ಎರಡನೆಯದು 10:25, ಮೂರನೆಯದು 12:49, ಫಿನಿಶ್ 3:33. ಕೊನೆಗೆ 27 ನಿಮಿಷ ಮಿಗುತ್ತದೆ. ಜಾಸ್ತಿ ಅನ್ನಿಸಿತಾ? ಒಂದು ಸಲ ದಾರಿ ತಪ್ಪಿ ವಾಪಸ್ ಬಂದರೆ ಹತ್ತು ನಿಮಿಷ ಹೋಯಿತು. ದಾರಿ ಹೇಳಿದ್ದಕ್ಕಿಂತ ನೂರಕ್ಕೆ 3 ಉದ್ದ ಇದ್ದರೆ 1.5 ಕಿ.ಮೀ., ಅಂದರೆ ಇನ್ನೊಂದು 12 ನಿಮಿಷ. ಟ್ರೇಲ್ ರೇಸ್‌ನಲ್ಲಿ ಎರಡೂ ಮಾಮೂಲಿ.

ಇದೇ 27 ನಿಮಿಷವನ್ನು ಮೊದಲ 12 ಕಿ.ಮೀ.ನಲ್ಲೇ ಸಂಪಾದಿಸೋಣ ಅಂತ ಹೊರಡಬೇಡಿ. ತಂಪು ಹೊತ್ತು, ಕಾಲು ಹೊಸದು, 7 ನಿಮಿಷದ ಪೇಸ್ ಹಗುರ ಅನ್ನಿಸುತ್ತದೆ. ಅದರಿಂದ ಸಿಗೋದು ಸುಮಾರು 15 ನಿಮಿಷ. ಅದರ ಬೆಲೆಯಾಗಿ ಕೊನೆ ಎರಡು ತುಂಡು ನೂರಕ್ಕೆ 10 ಮತ್ತು 15ರ ಬದಲು 20 ಮತ್ತು 25 ನಿಧಾನ ಆದರೆ, 8ರ ಪೇಸ್ ಲೆಕ್ಕದಲ್ಲಿ ಕಳೆದುಕೊಳ್ಳೋದು 26 ನಿಮಿಷ.

ಗಡಿಯಾರದಲ್ಲಿ ಏನು ಕಾಣಬೇಕು

ಕೈಗಡಿಯಾರ ತೋರಿಸೋದು ನೆಲದ ಪೇಸ್, ಎಫರ್ಟ್ ಪೇಸ್ ಅಲ್ಲ. ಹಾಗಾಗಿ ಪ್ರತಿ ತುಂಡಿಗೂ ಬದಲಾಯಿಸಿ ಇಟ್ಟುಕೊಳ್ಳಿ. 8ರ ಯೋಜನೆಯಲ್ಲಿ ಮೊದಲ ತುಂಡು 116 ನಿಮಿಷ, ಅದನ್ನು 12 ಕಿ.ಮೀ.ನಿಂದ ಭಾಗಿಸಿದರೆ ಕಿ.ಮೀ.ಗೆ 9:40. ಎರಡನೆಯದು 144 ನಿಮಿಷ, ಸರಿಯಾಗಿ 12:00. ಮೂರನೆಯದು ಸುಮಾರು 10:30, ನಾಲ್ಕನೆಯದು ಸುಮಾರು 12:00.

ಎರಡನೇ ತುಂಡಿನ ಒಳಗೂ ಎಲ್ಲ ಕಿ.ಮೀ. ಒಂದೇ ಅಲ್ಲ. ದುರ್ಗದ ನೆಟ್ಟಗಿನ ಭಾಗ 3 ಕಿ.ಮೀ.ನಲ್ಲಿ 350 ಮೀಟರ್ ಏರುತ್ತದೆ ಅಂದರೆ, ಅದು 6.5 ಎಫರ್ಟ್ ಕಿ.ಮೀ., 52 ನಿಮಿಷ. ಕಿ.ಮೀ.ಗೆ 17 ನಿಮಿಷ ದಾಟುತ್ತದೆ. ಗಡಿಯಾರದಲ್ಲಿ 17 ಕಂಡಾಗ ಗಾಬರಿಯಾಗಿ ಓಡೋಕೆ ಹೋಗುವವರು ತುಂಬಾ ಜನ. ಅದು ಯೋಜನೆಯಲ್ಲೇ ಇರೋ ಸಂಖ್ಯೆ, ಜೋರಾಗಿ ನಡೆದರೆ ಸಾಕು. 20 ದಾಟಿದರೆ ಮಾತ್ರ ಯೋಚಿಸಿ.

ದೂರಕ್ಕೆ ನಿಮ್ಮ ಜಿಪಿಎಸ್ ನಂಬಬೇಡಿ. ಅದು 12.4 ತೋರಿಸುತ್ತಾ ಇರಬಹುದು, ಸ್ಟೇಷನ್ ಇನ್ನೂ ಬಂದಿಲ್ಲದೇ ಇರಬಹುದು. ಪ್ರತಿ ಸ್ಟೇಷನ್ ತಲುಪಿದಾಗ ಲ್ಯಾಪ್ ಬಟನ್ ಒತ್ತಿ, ಅಲ್ಲಿಂದ ಹೊಸ ಲೆಕ್ಕ ಶುರು ಮಾಡಿ. ಇನ್ನು ಆಟೋ ಪಾಜ್ ಆಫ್ ಮಾಡಿಡಿ. ನೀವು ನಿಂತಾಗ ಗಡಿಯಾರ ನಿಲ್ಲಬಹುದು, ರೇಸ್‌ನ ಗಡಿಯಾರ ನಿಲ್ಲೋದಿಲ್ಲ.

ದಾರಿಯಲ್ಲೇ ಮತ್ತೆ ಲೆಕ್ಕ

ರೇಸ್ ದಿನ ಬೇಕಾಗೋದು ಒಂದೇ ಭಾಗಾಕಾರ. ಸ್ಟೇಷನ್ *ಬಿಡುವಾಗ* ಉಳಿದ ನಿಮಿಷವನ್ನು ಮುಂದಿನ ತುಂಡಿನ ಎಫರ್ಟ್ ಕಿ.ಮೀ.ನಿಂದ ಭಾಗಿಸಿ. ಮೂರನೇ ಸ್ಟೇಷನ್‌ನಿಂದ 1:12ಕ್ಕೆ ಹೊರಟಿರಿ ಅನ್ನಿ. 4:00ಕ್ಕೆ 168 ನಿಮಿಷ ಇದೆ, ಮುಂದೆ 17. 17 ಹತ್ತಲ 170, ಹಾಗಾಗಿ 10ಕ್ಕಿಂತ ಚೂರು ಕಮ್ಮಿ. ದಣಿದ ತಲೆಯಲ್ಲೂ ಇಷ್ಟು ಆಗುತ್ತದೆ. ಬಿಸಿಲಿನಲ್ಲಿ ನಿಮ್ಮ ಎಫರ್ಟ್ ಪೇಸ್ 9:12 ಇದ್ದರೆ ಸಾಕಷ್ಟು ಸಮಯ ಇದೆ. ಆದರೆ ಹಿಂದಿನ ತುಂಡಿನಲ್ಲೇ ಎಫರ್ಟ್ ಪೇಸ್ 10:30 ಆಗಿದ್ದರೆ, ಮುಂದಿನದರಲ್ಲಿ ಅದಕ್ಕಿಂತ ವೇಗ ಬರುತ್ತದೆ ಅನ್ನೋದು ಆಸೆ ಮಾತ್ರ. ಹಿಂದಿನ ತುಂಡಿನ ಎಫರ್ಟ್ ಪೇಸ್ ಎಷ್ಟಿತ್ತೋ ಅದಕ್ಕೆ ಅರ್ಧ ನಿಮಿಷ ಸೇರಿಸಿ ಹೋಲಿಸಿ.

ಬರೆದುಕೊಳ್ಳೋಕೆ ಬೆವರಿಗೆ ಅಳಿಸದ ಜಾಗ ಬೇಕು. ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ, ಅಂದರೆ ಬಿಬ್‌ನ ಹಿಂಭಾಗದಲ್ಲಿ ತಲೆಕೆಳಗಾಗಿ ಬರೆದರೆ, ಎತ್ತಿ ನೋಡುವಾಗ ನೇರವಾಗಿ ಕಾಣುತ್ತದೆ. ಪ್ರತಿ ಸ್ಟೇಷನ್‌ಗೆ ಮೂರೇ ಅಂಕಿ ಸಾಕು: ಯೋಜನೆಯ ಹೊತ್ತು, ಸ್ವಂತ ಕಟ್ ಆಫ್, ಮುಂದಿನ ತುಂಡಿನ ಎಫರ್ಟ್ ಕಿ.ಮೀ. ಅಧಿಕೃತ ಕಟ್ ಆಫ್ ಬರೆಯಬೇಡಿ, ಅದನ್ನು ಸ್ಟೇಷನ್‌ನಲ್ಲಿ ಇರುವವರೇ ಹೇಳುತ್ತಾರೆ.